ಬಯಲಾಟದ ಒಂದು ಕರಪತ್ರ, ಮೂರು ಬರಹ: ಎಕ್ಸ್‌ಗೆ, ಫೋಟೋ ಕೆಳಗೆ, ಮನೆಮಂದಿ ಗ್ರೂಪಿಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ ಸೀಮೆಯಲ್ಲಿ ಸುಗ್ಗಿ ಮುಗಿದರೆ ಬಯಲಾಟದ ಕರಪತ್ರಗಳು ಶುರು. ಊರಿನಲ್ಲಿ ಫೋನ್ ಚೆನ್ನಾಗಿ ಬಳಸುವ ಹುಡುಗ ಅಥವಾ ಹುಡುಗಿಯ ಕೈಗೆ ಒಂದು ಪ್ರತಿ ಕೊಟ್ಟು "ಇದನ್ನ ಎಲ್ಲಾ ಕಡೆ ಹಾಕಿಬಿಡಪ್ಪ" ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳು ಇವು. ಎಲ್ಲ ಉತ್ತರಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಒಂದು ರಾತ್ರಿ ಕರ್ಣಾರ್ಜುನರ ಕಾಳಗದ ಆಟ. ಊರು ನಿಜ, ಆಟ ಉದಾಹರಣೆಗಾಗಿ ಕಟ್ಟಿದ್ದು.

## ಬರೆಯೋಕೆ ಕೂರುವ ಮೊದಲು

ಕರಪತ್ರ ಅಚ್ಚಾಗಿ ಬಂದಿದೆ. ಅದರದ್ದೇ ಒಂದು ಫೋಟೋ ತೆಗೆದು ಮೂರೂ ಕಡೆ ಹಾಕಿದ್ರೆ ಮುಗೀತಲ್ವಾ?

ಕರಪತ್ರ ಗೋಡೆಗೆ ಅಂಟಿಸುವುದಕ್ಕೆ, ಕೈಯಲ್ಲಿ ಹಿಡಿದು ನಿಧಾನ ಓದುವುದಕ್ಕೆ ಮಾಡಿದ್ದು. ಮೇಲೆ ದೇವರ ಚಿತ್ರ, ಕೆಳಗೆ ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಎರಡು ಕಾಲಮ್ಮಿನಲ್ಲಿ ಪಾತ್ರವರ್ಗ, ಕೊನೆಗೆ ದಾನಿಗಳು. ತಾರೀಖು ಇವೆಲ್ಲದರ ನಡುವೆ ಎಲ್ಲೋ ಇರುತ್ತದೆ. ಅದನ್ನು ಅಂಗೈಯಗಲದ ಪರದೆಗೆ ಇಳಿಸಿದರೆ ತಾರೀಖು ಹುಡುಕಲು ಎರಡು ಬೆರಳಿನಿಂದ ಹಿಗ್ಗಿಸಬೇಕು. ಹಿಗ್ಗಿಸುವಷ್ಟು ಪುರುಸೊತ್ತು ಇರುವುದು ತನ್ನ ಹೆಸರು ಅದರಲ್ಲಿದೆಯೋ ಇಲ್ಲವೋ ನೋಡುವವನಿಗೆ ಮಾತ್ರ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದು ಕಷ್ಟ. ಫೋನ್ ನಂಬರನ್ನು ಒತ್ತಿ ಕರೆ ಮಾಡಲಾಗದು. ದೃಷ್ಟಿ ಇಲ್ಲದವರು ಫೋನಿನಿಂದ ಓದಿಸಿಕೊಂಡು ಕೇಳಿದರೆ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಕರಪತ್ರದ ಫೋಟೋ ಹಾಕಬೇಡಿ ಎನ್ನುತ್ತಿಲ್ಲ. ಜೊತೆಗೆ ಟೈಪಿಸಿದ ಬರಹ ಇರಲಿ, ಫೋಟೋ ಅದರ ಹಿಂದೆ ಬರಲಿ.

ಪ್ರೆಸ್ಸಿನವರು ಫೈಲ್ ಕೊಟ್ಟಿದ್ದಾರೆ. ಕಾಪಿ ಮಾಡಿ ಹಾಕಿದ್ರೆ ಏನೇನೋ ಅಕ್ಷರ ಬರ್ತಾವೆ, ಯಾಕೆ?

ನಮ್ಮ ಕಡೆ ಡಿಟಿಪಿ ಕೆಲಸ ಇನ್ನೂ ಬಹಳಷ್ಟು ನುಡಿಯಂಥ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲೇ ನಡೆಯುತ್ತದೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ "ಕೊಪ್ಪಳ" ಎಂದು ಕಾಣುವುದು ನಿಮ್ಮ ಫೋನಿನಲ್ಲಿ ಹೀಗಾಗುತ್ತದೆ:

```
PÉÆ¥Àà¼À
```

ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಅವುಗಳಲ್ಲಿ ಹಾಕಿ ತೆಗೆಯಬಹುದು. ಆದರೆ ಹೊರಬಂದದ್ದನ್ನು ಕಣ್ಣಿಟ್ಟು ಓದಿ. ಎಡವುವುದು ಹೆಚ್ಚಾಗಿ ಅರ್ಕಾವತ್ತಿನ ಪದಗಳಲ್ಲಿ, ಎರಡು ಮೂರು ಒತ್ತು ಸೇರಿದ ಹೆಸರುಗಳಲ್ಲಿ. ನಿಮಗೆ ಬೇಕಾದದ್ದು ಆರೇಳು ಸಾಲು ಮಾತ್ರವಾದ್ದರಿಂದ ಫೋನಿನಲ್ಲೇ ಹೊಸದಾಗಿ ಟೈಪಿಸುವುದು ಬೇಗ ಮುಗಿಯುತ್ತದೆ.

ಮೂರು ಬರೆಯೋಕೆ ಮೊದಲು ಏನಾದ್ರೂ ಒಂದು ತಯಾರಿ ಬೇಕಾ?

ಬೇಕು. ಒಂದು ಚೀಟಿಯಲ್ಲಿ, ಅಥವಾ ನಿಮಗೆ ನೀವೇ ಕಳಿಸಿಕೊಂಡ ಮೆಸೇಜಿನಲ್ಲಿ, ಬದಲಾಗಬಾರದ ಸಂಗತಿಗಳನ್ನು ಬರೆದಿಡಿ. ನಮ್ಮ ಉದಾಹರಣೆಯಲ್ಲಿ ಅದು ಇಷ್ಟು: ಬಯಲಾಟ, ಕರ್ಣಾರ್ಜುನರ ಕಾಳಗ. 13 ಫೆಬ್ರವರಿ 2027, ಶನಿವಾರ ರಾತ್ರಿ 9.30. ತೆಕ್ಕಲಕೋಟೆ, ಊರಮ್ಮನ ಗುಡಿ ಮುಂದಿನ ಬಯಲು. ಟಿಕೆಟ್ ಇಲ್ಲ. ವಿಚಾರಿಸಲು ಯಾರು ಎನ್ನುವುದು.

ಈ ಚೀಟಿಯನ್ನು ಮೇಳದ ಮಾಸ್ತರರಿಗೋ ಕಮಿಟಿಯ ಹಿರಿಯರಿಗೋ ಓದಿ ಹೇಳಿ "ಸರಿ" ಎನಿಸಿಕೊಂಡ ಮೇಲೆ ಉಳಿದ ಕೆಲಸ. ಮೂರೂ ಬರಹಗಳಲ್ಲಿ ಮಾತಿನ ಧಾಟಿ ಬೇರೆ ಆಗಲಿ, ಉದ್ದ ಬೇರೆ ಆಗಲಿ, ಚೀಟಿಯಲ್ಲಿನ ಸಂಗತಿ ಬೇರೆ ಆಗಬಾರದು. ಒಂದು ಕಡೆ "9.30", ಇನ್ನೊಂದು ಕಡೆ "ಊಟ ಆದಮೇಲೆ", ಮತ್ತೊಂದು ಕಡೆ "10ರ ಹೊತ್ತಿಗೆ" ಎಂದಾದರೆ ಜನ ಮೂರನ್ನೂ ನಂಬುವುದಿಲ್ಲ.

ವಾರ, ತಾರೀಖು, ಇಸವಿ ಮೂರೂ ಇರಬೇಕು. ವಾರ ಮತ್ತು ತಾರೀಖು ಒಂದನ್ನೊಂದು ಕಾಯುತ್ತವೆ: 13ರ ಬದಲು 12 ಎಂದು ಬಿದ್ದರೂ ಪಕ್ಕದಲ್ಲಿ ಶನಿವಾರ ಇದ್ದರೆ ಓದುವವನು ಹಿಡಿಯುತ್ತಾನೆ. ಇಸವಿ ಯಾಕೆಂದರೆ ವಾಟ್ಸಾಪಿನಲ್ಲಿ ಹಳೆಯ ಮೆಸೇಜು ಮುಂದಿನ ವರ್ಷವೂ ಎದ್ದು ಬರುತ್ತದೆ.

ಆಟ ಬೆಳತನಕ ನಡೆಯುತ್ತೆ. ತಾರೀಖು 13 ಅಂತ ಹಾಕ್ಬೇಕಾ, 14 ಅಂತಾನಾ?

13 ಎಂದೇ ಹಾಕಿ, ಆದರೆ "ಶನಿವಾರ ರಾತ್ರಿ 9.30ರಿಂದ ಭಾನುವಾರ ಬೆಳಗಿನ ತನಕ" ಎಂದು ಬಿಡಿಸಿ ಬರೆಯಿರಿ. ಊರಿನವರಿಗೆ ಇದು ಹೇಳದೆ ಗೊತ್ತು. ಹೊರಗಿನಿಂದ ಬರುವವನಿಗೆ ಬಯಲಾಟ ಎಂದರೆ ಎರಡು ತಾಸಿನ ನಾಟಕ ಎಂಬ ಕಲ್ಪನೆ ಇರಬಹುದು. ರಾತ್ರಿ ಒಂದಕ್ಕೆ ವಾಪಸು ಹೋಗಲು ಬಸ್ಸು ಹುಡುಕುತ್ತ ನಿಲ್ಲುತ್ತಾನೆ. "13 ಮತ್ತು 14ರಂದು" ಎಂದು ಬರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಎರಡು ದಿನ ಎರಡು ಆಟ ಎಂದುಕೊಂಡು ಅರ್ಧ ಜನ ಭಾನುವಾರ ರಾತ್ರಿ ಬರುತ್ತಾರೆ. ಬರೀ "ರಾತ್ರಿ 12ಕ್ಕೆ ಕರ್ಣನ ಪ್ರವೇಶ" ಎಂಬಂಥ ಮಾತೂ ಬೇಡ. ಹನ್ನೆರಡು ಯಾವ ದಿನಕ್ಕೆ ಸೇರಿತು ಎಂಬ ಲೆಕ್ಕ ಶುರುವಾಗುತ್ತದೆ.

## ಒಂದೊಂದೇ ಬರಹ

ಎಕ್ಸ್‌ನಲ್ಲಿ 280 ಅಕ್ಷರ ಅಂತಾರೆ. ಕನ್ನಡದಲ್ಲಿ ನೂರೈವತ್ತು ಬರೆಯೋದ್ರೊಳಗೆ ತುಂಬಿಬಿಡುತ್ತಲ್ಲ?

ಅಲ್ಲಿಯ ಲೆಕ್ಕ ನಾವು ಬಾಯಲ್ಲಿ ಎಣಿಸುವ ಅಕ್ಷರದ್ದಲ್ಲ. ವ್ಯಂಜನ ಒಂದು, ಅದರ ಮೇಲಿನ ಗುಣಿತದ ಗುರುತು ಇನ್ನೊಂದು, ಒತ್ತು ಕೊಡುವ ಅರ್ಧಚಿಹ್ನೆ ಮತ್ತೊಂದು, ಹೀಗೆ ಬಿಡಿಬಿಡಿಯಾಗಿ ಎಣಿಸುತ್ತದೆ. "ಬಳ್ಳಾರಿ" ನಮಗೆ ಮೂರಕ್ಷರ, ಅದಕ್ಕೆ ಏಳು. "ಕೊಪ್ಪಳ" ಆರು. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೂ ಆರು. ಖಾಲಿ ಜಾಗ, ಸಾಲು ಮುರಿದದ್ದು ಒಂದೊಂದು. ಇಮೋಜಿಗೆ ಎರಡು. ಕೊಂಡಿ ಎಷ್ಟೇ ಉದ್ದ ಅಥವಾ ಗಿಡ್ಡ ಇದ್ದರೂ 23.

ಹೀಗಾಗಿ ಒತ್ತಕ್ಷರ ತುಂಬಿದ ಕರಪತ್ರದ ಭಾಷೆ ಇಲ್ಲಿ ದುಬಾರಿ. "ಸರ್ವರಿಗೂ ಆದರದ ಸ್ವಾಗತ" ಎಂಬುದೊಂದೇ ಇಪ್ಪತ್ತು ಅಕ್ಷರ ನುಂಗುತ್ತದೆ, ಹೊಸ ಸಂಗತಿ ಒಂದನ್ನೂ ಹೇಳುವುದಿಲ್ಲ. "ಪ್ರಾರಂಭವಾಗುವುದು" ಬದಲು "ಶುರು" ಎಂದರೆ ನಾಲ್ಕಕ್ಕೆ ಮುಗಿಯಿತು.

ಹಂಗಾದ್ರೆ ಎಕ್ಸ್‌ಗೆ ಏನು ಇಟ್ಕೋಬೇಕು, ಏನು ಬಿಡಬೇಕು?

ಅಲ್ಲಿ ಓದುವವನು ಅಪರಿಚಿತ. ರಾಯಚೂರಿನಲ್ಲೋ ಬೆಂಗಳೂರಿನಲ್ಲೋ ಕೂತಿರುತ್ತಾನೆ, ನಿಮ್ಮೂರಿನ ಮುಖ್ಯ ಅತಿಥಿ ಯಾರೆಂದು ಅವನಿಗೆ ಗೊತ್ತಿಲ್ಲ. ಅವನು ಕೇಳುವುದು: ಏನಿದೆ, ಯಾವಾಗ, ಎಲ್ಲಿ, ನಾನು ಬರಬಹುದಾ, ಬರೋದು ಹೇಗೆ. ಚೀಟಿಯನ್ನು ಅದೇ ಕ್ರಮದಲ್ಲಿ ಜೋಡಿಸಿ:

> ತೆಕ್ಕಲಕೋಟೆಯಲ್ಲಿ ಬಯಲಾಟ: ಕರ್ಣಾರ್ಜುನರ ಕಾಳಗ.
> 13 ಫೆ. 2027, ಶನಿವಾರ ರಾತ್ರಿ 9.30ಕ್ಕೆ ಶುರು, ಭಾನುವಾರ ಬೆಳಗಿನ ತನಕ.
> ಊರಮ್ಮನ ಗುಡಿ ಮುಂದಿನ ಬಯಲು. ಟಿಕೆಟ್ ಇಲ್ಲ.
> ನಕ್ಷೆ: (ಇಲ್ಲಿ ಕೊಂಡಿ)
> #ಬಯಲಾಟ #ಬಳ್ಳಾರಿ

ಕೊಂಡಿಯ 23 ಸೇರಿಸಿಯೂ ಇದು 190ರ ಒಳಗೆ ನಿಲ್ಲುತ್ತದೆ. ಉಳಿದ ಜಾಗ ತುಂಬಿಸಲೇಬೇಕೆಂದಿಲ್ಲ. ತುಂಬುವುದಾದರೆ "ಬಳ್ಳಾರಿ–ಸಿರುಗುಪ್ಪ ರಸ್ತೆಯಲ್ಲೇ ಊರು" ಎಂಬ ಮಾತು ಯಾವ ಗಣ್ಯರ ಹೆಸರಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಊರಿನ ಹೆಸರು ಮೊದಲ ಪದವಾಗಿದ್ದನ್ನು ಗಮನಿಸಿ. ಬೇರೆಯವರು ಹಂಚಿದಾಗ ಓದುವವನ ಕಣ್ಣು ಮೊದಲು ಬೀಳುವುದು ಅಲ್ಲಿಗೆ. "ನಮ್ಮೂರಲ್ಲಿ" ಎಂದು ಶುರು ಮಾಡಿದರೆ ಯಾವ ಊರು ಎಂದು ಹುಡುಕುತ್ತ ಕೂರಬೇಕು.

ಹ್ಯಾಶ್‌ಟ್ಯಾಗಿನ ಪದಗಳ ನಡುವೆ ಜಾಗ ಬಿಟ್ಟರೆ ಅದು ಅಲ್ಲಿಗೇ ಕಡಿದುಹೋಗುತ್ತದೆ. "#ಬಯಲಾಟ ಬಳ್ಳಾರಿ" ಎಂದರೆ ಮೊದಲ ಪದ ಮಾತ್ರ ಲೆಕ್ಕಕ್ಕೆ.

ಇನ್‌ಸ್ಟಾಗ್ರಾಂನಲ್ಲಿ ಜಾಗ ಬೇಕಾದಷ್ಟಿದೆ. ಅಲ್ಲಿ ಕರಪತ್ರ ಪೂರ್ತಿ ಟೈಪ್ ಮಾಡಬಹುದಲ್ಲ?

ಜಾಗವೇನೋ 2,200 ಅಕ್ಷರದಷ್ಟಿದೆ. ಆದರೆ ಫೀಡಿನಲ್ಲಿ ಮೊದಲ ಒಂದೆರಡು ಸಾಲು ಕಂಡು, ಉಳಿದದ್ದು ಒತ್ತಿ ತೆರೆಯುವವರಿಗೆ ಮಾತ್ರ. ಕರಪತ್ರದ ಮೊದಲ ಎರಡು ಸಾಲು ಏನಿರುತ್ತದೆ ಗೊತ್ತಲ್ಲ: ದೇವರ ಹೆಸರು, "ಪ್ರಸನ್ನ". ಭಕ್ತಿಗೆ ಕೊರತೆ ಬರದಿರಲಿ, ಆದರೆ ಕಾಣುವ ಜಾಗ ಅಲ್ಲಿಗೆ ಖರ್ಚಾಯಿತು.

ಇಲ್ಲಿ ಓದುವವನು ಮೊದಲು ಫೋಟೋ ನೋಡಿರುತ್ತಾನೆ. ಹಾಗಾಗಿ ಮೊದಲ ಸಾಲು ಫೋಟೋದಲ್ಲಿ ಕಂಡದ್ದರಿಂದ ಹೊರಟು ತಾರೀಖಿಗೆ ಮುಟ್ಟಬೇಕು. ಹೆಗಲ ಮೇಲೆ ಭುಜಕೀರ್ತಿ ಕಟ್ಟಿಸಿಕೊಳ್ಳುತ್ತಿರುವ ಕರ್ಣನ ಪಾತ್ರಧಾರಿಯ ಚಿತ್ರ ನಿಮ್ಮಲ್ಲಿದೆ ಅನ್ನಿ:

> ಈ ಭುಜಕೀರ್ತಿ ಹೊತ್ತ ಕರ್ಣ ಫೆ. 13ರ ಶನಿವಾರ ರಾತ್ರಿ ತೆಕ್ಕಲಕೋಟೆಯ ಬಯಲಿಗೆ ಇಳೀತಾನೆ.
>
> ಬಣ್ಣ ಹಚ್ಚಿ, ಕಿರೀಟ ಬಿಗಿದು, ಎದೆಹಾರ ಕಟ್ಟಿ ಏಳುವ ಹೊತ್ತಿಗೆ ನಮ್ಮ ಹೊಲದ ಮನುಷ್ಯ ಗುರುತೇ ಸಿಗಲ್ಲ. ಹಿಂದೆ ನಿಂತು ಹಗ್ಗ ಬಿಗೀತಿರೋರು ಮೇಳದ ಮಾಸ್ತರರು.
>
> ಬಯಲಾಟ: ಕರ್ಣಾರ್ಜುನರ ಕಾಳಗ
> 13 ಫೆಬ್ರವರಿ 2027, ಶನಿವಾರ ರಾತ್ರಿ 9.30ರಿಂದ ಭಾನುವಾರ ಬೆಳಗಿನ ತನಕ
> ಊರಮ್ಮನ ಗುಡಿ ಮುಂದಿನ ಬಯಲು, ತೆಕ್ಕಲಕೋಟೆ, ಸಿರುಗುಪ್ಪ ತಾಲ್ಲೂಕು
> ಟಿಕೆಟ್ ಇಲ್ಲ. ಕೂರಲು ಚಾಪೆ, ಹೊದೆಯಲು ಒಂದು ಶಾಲು ತನ್ನಿ.

ಎಕ್ಸ್‌ನ ಬರಹದಲ್ಲಿ ಇಲ್ಲದ ಎರಡು ಸಂಗತಿ ಇಲ್ಲಿ ಬಂದಿವೆ. ಫೋಟೋದಲ್ಲಿರುವುದು ಯಾರು ಏನು ಮಾಡುತ್ತಿದ್ದಾರೆ ಎಂಬುದು ಒಂದು. ರಾತ್ರಿ ಕಳೆಯಲು ಏನು ತರಬೇಕು ಎಂಬುದು ಇನ್ನೊಂದು. ಇಷ್ಟರ ಮೇಲೆ "ಕಲೆ ಉಳಿಸಿ, ಬೆಳೆಸಿ" ಎಂದು ನಾಲ್ಕು ಸಾಲು ಬರೆಯುವವರಿದ್ದಾರೆ. ಭುಜಕೀರ್ತಿಯ ಹಗ್ಗ ಬಿಗಿಯುವ ಆ ಒಂದು ಸಾಲು ಅದನ್ನೇ ಮಾಡುತ್ತದೆ, ಉಪದೇಶವಿಲ್ಲದೆ. ಫೋಟೋ ಹೋದ ವರ್ಷದ ಆಟದ್ದಾದರೆ "ಹೋದ ವರ್ಷ ತೆಗೆದದ್ದು" ಎಂದು ಹೇಳಿ. ಪಾತ್ರಧಾರಿ ಬದಲಾಗಿದ್ದರೆ ಆ ಚಿತ್ರ ಬೇಡವೇ ಬೇಡ.

ಕ್ಯಾಪ್ಷನ್ನಿನಲ್ಲಿ ನಕ್ಷೆಯ ಕೊಂಡಿ ಹಾಕಿದ್ದೀನಿ, ಒತ್ತಿದ್ರೆ ಏನೂ ಆಗಲ್ಲ ಅಂತಾರೆ.

ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿನಲ್ಲಿ ಕೊಂಡಿ ಬರೀ ಅಕ್ಷರವಾಗಿ ಉಳಿಯುತ್ತದೆ. ತೆಗೆದುಬಿಡಿ. ಅದರ ಬದಲು ದಾರಿಯನ್ನು ಮಾತಿನಲ್ಲಿ ಹೇಳಿ, ಜಾಗದ ಹೆಸರನ್ನು ಪೋಸ್ಟಿನ ಲೊಕೇಶನ್ನಿಗೆ ಸೇರಿಸಿ. ಕೊಂಡಿ ಬೇಕೇ ಬೇಕೆಂದರೆ ಪ್ರೊಫೈಲಿನಲ್ಲಿ ಅಥವಾ ಸ್ಟೋರಿಯಲ್ಲಿ ಹಾಕಬಹುದು.

ಮನೆಮಂದಿ ಗ್ರೂಪಿನಲ್ಲಿ ಎಲ್ರಿಗೂ ಆಟ ಇರೋದು ಗೊತ್ತು. ಅಲ್ಲಿ ಮತ್ತೆ ಏನು ಬರೆಯೋದು?

ಗೊತ್ತಿರುವುದರಿಂದಲೇ ಅಲ್ಲಿ ಬೇರೆ ಬರಹ ಬೇಕು. ಗಂಗಾವತಿಯಲ್ಲಿರುವ ಅತ್ತೆ, ಹೊಸಪೇಟೆಯ ದೊಡ್ಡಪ್ಪ, ಬೆಂಗಳೂರಿಗೆ ಹೋದ ಮೊಮ್ಮಕ್ಕಳು, ಇವರಿಗೆ ಆಟ ಏನು ಎಂಬುದು ಪ್ರಶ್ನೆಯಲ್ಲ. ಊಟ ಎಲ್ಲಿ, ಮಲಗೋದು ಎಲ್ಲಿ, ನಮ್ಮ ಹುಡುಗನ ಪಾರ್ಟು ಎಷ್ಟೊತ್ತಿಗೆ, ಸ್ಟ್ಯಾಂಡಿನಿಂದ ಕರ್ಕೊಂಡು ಹೋಗೋರು ಯಾರು, ಇವೇ ಅವರ ಪ್ರಶ್ನೆಗಳು. ಎಕ್ಸ್‌ಗೆ ಬರೆದದ್ದನ್ನೇ ಇಲ್ಲಿ ಒಗೆದರೆ ಇಡೀ ದಿನ ಒಬ್ಬೊಬ್ಬರೇ ಫೋನ್ ಮಾಡಿ ಇವನ್ನೇ ಕೇಳುತ್ತಾರೆ. ಅದಕ್ಕಿಂತ ಕೆಟ್ಟದ್ದು, ಕರೆದ ಹಾಗೇ ಆಗಲಿಲ್ಲ ಎಂದುಕೊಳ್ಳುತ್ತಾರೆ.

> ದೊಡ್ಡಪ್ಪ, ದೊಡ್ಡವ್ವ, ಅತ್ತಿ, ಮಾವ, ಎಲ್ಲಾರಿಗೂ ನಮಸ್ಕಾರ್ರಿ 🙏
> \*13 ಫೆಬ್ರವರಿ 2027, ಶನಿವಾರ ರಾತ್ರಿ 9.30ಕ್ಕ\* ತೆಕ್ಕಲಕೋಟ್ಯಾಗ ನಮ್ಮ ಆಟ ಐತಿ, ಊರಮ್ಮನ ಗುಡಿ ಮುಂದ. ತಮ್ಮ ಕರ್ಣನ ಪಾರ್ಟು ಮಾಡ್ತಾನ.
> ರಾತ್ರಿ ಊಟ ನಮ್ಮ ಮನ್ಯಾಗ, 8 ಗಂಟೇಕ. ಮುಂಜಾನೆ ನಾಷ್ಟಾ ಮಾಡೇ ಹೋಗ್ರಿ.
> ನಿದ್ದಿ ತಡಿಯಾಕ ಆಗದವರಿಗೆ ಮನ್ಯಾಗ ಹಾಸಿಗಿ ಹಾಸಿರ್ತೀವಿ. ತಮ್ಮನ ಪಾರ್ಟು ಜೋರಾಗೋದು ನಸುಕಿನ್ಯಾಗ, ಆವಾಗ ಎಬ್ಬಿಸ್ತೀವಿ.
> ಎಷ್ಟು ಮಂದಿ ಬರ್ತೀರಿ ಅಂತ ಗುರುವಾರದೊಳಗ ಇಲ್ಲೇ ಹೇಳ್ರಿ. ಸ್ಟ್ಯಾಂಡಿಗೆ ಗಾಡಿ ಕಳಿಸ್ತೀವಿ.

ತಾರೀಖಿನ ಎರಡೂ ಬದಿ ಇರುವ ನಕ್ಷತ್ರದಂಥ ಚುಕ್ಕಿಗಳು ವಾಟ್ಸಾಪಿನಲ್ಲಿ ಅಕ್ಷರ ದಪ್ಪಗಾಗಲು. ಚುಕ್ಕಿಗೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ದಪ್ಪಗಾಗದೆ ಚುಕ್ಕಿಯೇ ಕಾಣುತ್ತದೆ. ಒಂದು ಮೆಸೇಜಿಗೆ ಒಂದೇ ಕಡೆ ಸಾಕು. ಎಲ್ಲ ಸಾಲನ್ನೂ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಬರೋರ ಲೆಕ್ಕಕ್ಕೆ ಗ್ರೂಪಲ್ಲಿ ಪೋಲ್ ಹಾಕಿದ್ರೆ ಸುಲಭ ಅಲ್ವಾ?

ಪೋಲ್ ಎಣಿಸುವುದು ಫೋನುಗಳನ್ನು, ತಲೆಗಳನ್ನಲ್ಲ. ಮಾವ "ಬರ್ತೀನಿ" ಎಂದು ಒತ್ತಿದರೆ ಅವರೊಬ್ಬರೇ ಬರುತ್ತಾರೋ ಜೀಪು ತುಂಬ ಬರುತ್ತಾರೋ ತಿಳಿಯದು. ಅಡುಗೆಗೆ ಬೇಕಾದದ್ದು ಎರಡನೆಯ ಲೆಕ್ಕ. "ಎಷ್ಟು ಮಂದಿ" ಎಂದು ಕೇಳಿ, ಸಂಖ್ಯೆ ಬರೆಯಲು ಹೇಳಿ. ಫೋನ್ ನೋಡದ ಅಜ್ಜಿಗೆ ಕರೆ ಮಾಡಿಯೇ ಹೇಳಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಗ್ರೂಪಿನಲ್ಲಿ ನಮ್ಮ ಕಡೆ ಮಾತು ಬರೆದ್ರೆ ಸಸಾರ ಅನ್ಸಲ್ವಾ?

ಮನೆಯವರಿಗೆ "ತಾವು ಸಕುಟುಂಬ ಸಮೇತರಾಗಿ ಆಗಮಿಸಿ" ಎಂದು ಬರೆದರೆ ಅದೇ ದೂರ ಮಾಡಿದ ಹಾಗೆ. ಮರ್ಯಾದೆ ಇರುವುದು "ಬರ್ರಿ, ಹೇಳ್ರಿ" ಎಂಬ ಬಹುವಚನದಲ್ಲಿ, ಹಿರಿಯರನ್ನು ಮೊದಲು ಕರೆದ ಕ್ರಮದಲ್ಲಿ. ಗ್ರೂಪಿನಲ್ಲಿ ಹೊಸ ಬೀಗರು ಇದ್ದರೆ ಮಾತ್ರ ಅವರಿಗೆ ಬೇರೆಯಾಗಿ, ಸ್ವಲ್ಪ ಬಿಗಿಯಾಗಿ ಬರೆದು ಕಳಿಸಿ. ಗ್ರೂಪಿನ ಮೆಸೇಜನ್ನೇ ಕರೆ ಎಂದು ಬೀಗರು ಒಪ್ಪುವುದಿಲ್ಲ.

## ತೊಡಕಿನ ಪ್ರಶ್ನೆಗಳು

ದಾನಿಗಳ, ಮುಖಂಡರ ಹೆಸರು ಬಿಟ್ರೆ ಸಿಟ್ಟಾಗ್ತಾರೆ. ಹೆಂಗೆ ನಿಭಾಯಿಸೋದು?

ಕರಪತ್ರದಲ್ಲಿ ಹೆಸರಿನ ಕ್ರಮ ಎಷ್ಟೋ ರಾತ್ರಿ ಕೂತು ತೀರ್ಮಾನಿಸಿದ್ದು. ಅದನ್ನು ಫೋನಿನವನು ಕತ್ತರಿಸಲು ಹೋದರೆ ಜಗಳ ಖಚಿತ. ನನ್ನ ಮಟ್ಟಿಗೆ ನಡೆದು ಬಂದ ದಾರಿ ಎಂದರೆ: ಹಾಕಿದರೆ ಎಲ್ಲ, ಇಲ್ಲದಿದ್ದರೆ ಯಾರೂ ಇಲ್ಲ. ಎಕ್ಸ್‌ಗೆ ಒಂದೂ ಹೆಸರು ಬೇಡ. ಇನ್‌ಸ್ಟಾಗ್ರಾಂನಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರ ಹಾಕಬಹುದಾದ್ದರಿಂದ ಮೊದಲನೆಯದು ಕರ್ಣನ ಫೋಟೋ, ಎರಡನೆಯದು ಕರಪತ್ರದ ಫೋಟೋ. ಹೆಸರು ಅದರಲ್ಲಿ ಅಚ್ಚಾದ ಕ್ರಮದಲ್ಲೇ ಇರುತ್ತದೆ, ನೀವು ಯಾರನ್ನೂ ಮೇಲೆ ಕೆಳಗೆ ಮಾಡಿದ ಹಾಗಾಗುವುದಿಲ್ಲ.

"ಇಬ್ಬರು ಮುಖ್ಯರದ್ದು ಮಾತ್ರ ಹಾಕು" ಎಂದು ಯಾರಾದರೂ ಹೇಳಿದರೆ ಆ ಇಬ್ಬರು ಯಾರು ಎಂಬುದನ್ನು ಕಮಿಟಿಯೇ ಬರೆದು ಕೊಡಲಿ. ಆ ಚೀಟಿ ಸಾಮಾನ್ಯವಾಗಿ ಬರುವುದೇ ಇಲ್ಲ.

ವಿಚಾರಿಸೋಕೆ ಫೋನ್ ನಂಬರ್ ಎಲ್ಲಾ ಕಡೆ ಹಾಕಬಹುದಾ?

ಮನೆಮಂದಿ ಗ್ರೂಪಿನಲ್ಲಿ ನಂಬರಿನ ಅಗತ್ಯವೇ ಇಲ್ಲ. ಎಕ್ಸ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಬರೆದದ್ದು ಆಟ ಮುಗಿದ ಮೇಲೂ ಹುಡುಕಿದವರಿಗೆಲ್ಲ ಸಿಗುತ್ತದೆ, ಆದ್ದರಿಂದ ಆ ನಂಬರಿನವರನ್ನು ಕೇಳದೆ ಹಾಕಬೇಡಿ. ಕರಪತ್ರಕ್ಕೆ ಒಪ್ಪಿದವರು ಊರೊಳಗಿನ ಗೋಡೆಗೆ ಒಪ್ಪಿದ್ದು. ಹೆಣ್ಣುಮಕ್ಕಳ ನಂಬರಿನ ವಿಷಯದಲ್ಲಂತೂ ಬೇಡವೇ ಬೇಡ ಎನ್ನುತ್ತೇನೆ. "ವಿಚಾರಿಸಲು ಇಲ್ಲೇ ಮೆಸೇಜ್ ಮಾಡಿ" ಎಂದರೆ ಸಾಕು.

ಯಾವುದನ್ನ ಮೊದಲು ಹಾಕಬೇಕು?

ಮನೆಮಂದಿ ಗ್ರೂಪಿಗೆ ಮೊದಲು. ಸ್ವಂತ ತಮ್ಮನ ಪಾರ್ಟಿನ ಸುದ್ದಿ ಹೊರಗಿನವರ ಸ್ಟೇಟಸ್ಸಿನಿಂದ ಅತ್ತೆಗೆ ತಿಳಿದರೆ ಆ ಮಾತು ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ಬರುತ್ತದೆ. ಜೊತೆಗೆ ತಾರೀಖಿನ ತಪ್ಪು ಇದ್ದರೆ ಮನೆಯವರೇ ಮೊದಲು ಹಿಡಿಯುತ್ತಾರೆ, "ಅವತ್ತು ಹುಣ್ಣಿಮಿ ಅಲ್ಲಲ್ಲ?" ಎಂದು.

ಹಾಕಿದ ಮೇಲೆ ಸಮಯ ಬದಲಾಯ್ತು. ಮೂರೂ ಕಡೆ ತಿದ್ದೋದು ಹೆಂಗೆ?

ಮೂರು ಕಡೆಯೂ ದಾರಿ ಬೇರೆ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ ತಿದ್ದಬಹುದು, ಆದರೆ ಚಿತ್ರದ ಒಳಗಿರುವ ಅಕ್ಷರ ತಿದ್ದಲಾಗದು. ಸಮಯವನ್ನು ಫೋಟೋದ ಮೇಲೆ ಬರೆಯಬೇಡಿ ಎನ್ನುವುದು ಇದಕ್ಕೇ. ಎರಡನೆಯ ಚಿತ್ರವಾಗಿ ಹಾಕಿದ ಕರಪತ್ರದಲ್ಲಿ ಹಳೆಯ ಸಮಯ ಇದ್ದರೆ ಆ ಒಂದು ಚಿತ್ರವನ್ನು ಪೋಸ್ಟಿನಿಂದ ತೆಗೆಯಬೇಕು.

ಎಕ್ಸ್‌ನಲ್ಲಿ ಹಣ ಕೊಡದ ಖಾತೆಗೆ ತಿದ್ದುವ ಅವಕಾಶವಿಲ್ಲ. ಹಳೆಯದನ್ನು ಅಳಿಸುವುದೋ ಅದಕ್ಕೇ ಉತ್ತರವಾಗಿ ಹೊಸ ಸಮಯ ಬರೆಯುವುದೋ ಎಂದರೆ, ಯಾರೂ ಹಂಚಿರದಿದ್ದರೆ ಅಳಿಸಿ ಹೊಸದು ಹಾಕಿ. ಹಂಚಿಹೋಗಿದ್ದರೆ ಹೊಸದನ್ನು "ಸಮಯ ಬದಲಾಗಿದೆ: 9.30 ಅಲ್ಲ, 10.30" ಎಂದು ಶುರು ಮಾಡಿ. ಹಳೆಯದನ್ನು ನೋಡಿದವನಿಗೆ ಹಳೆಯ ಸಂಖ್ಯೆಯೂ ಕಾಣಬೇಕು, ಇಲ್ಲದಿದ್ದರೆ ಇವೆರಡೂ ಬೇರೆ ಆಟ ಎಂದುಕೊಳ್ಳುತ್ತಾನೆ.

ವಾಟ್ಸಾಪಿನಲ್ಲಿ ಕಳಿಸಿದ 15 ನಿಮಿಷದೊಳಗೆ ಮೆಸೇಜು ತಿದ್ದಬಹುದು. ಆದರೆ ಅಷ್ಟರಲ್ಲಿ ಯಾರಾದರೂ ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಬದಲಾಗುವುದಿಲ್ಲ. ಹಾಗಾಗಿ ಸದ್ದಿಲ್ಲದೆ ತಿದ್ದಿ ಸುಮ್ಮನಾಗಬೇಡಿ. ಹೊಸ ಮೆಸೇಜಿನಲ್ಲಿ ತಾರೀಖು, ಊರು, ಹೊಸ ಸಮಯ ಮೂರನ್ನೂ ಪೂರ್ತಿ ಬರೆದು ಕಳಿಸಿ, ಅದನ್ನು ಗ್ರೂಪಿನಲ್ಲಿ ಪಿನ್ ಮಾಡಿ. "ಅದು 10.30 ಅಂತ ಓದ್ಕೊಳ್ರಿ" ಎಂಬ ಅರ್ಧ ಸಾಲು ಇನ್ನೊಂದು ಗ್ರೂಪಿಗೆ ಹೋದರೆ "ಅದು" ಯಾವುದು ಎಂದು ಯಾರಿಗೂ ತಿಳಿಯದು.